ಒತ್ತಡದ ಸಮಯವೆಂದು ರಜೆ ನಿರಾಕರಿಸಿದರು, ಈಗ ಏನು ಉತ್ತರ ಬರೆಯಲಿ?

ಪ್ರಶ್ನೆ: "ನಾನು ಒಂದು ಕಂಪನಿಯ ಅಕೌಂಟ್ಸ್ ವಿಭಾಗದಲ್ಲಿದ್ದೇನೆ. ಜೂನ್ 27, ಶನಿವಾರ ಅಣ್ಣನ ಮನೆಯಲ್ಲಿ ನಾವೆಲ್ಲ ಸೇರುತ್ತೇವೆ. ಅವನಿರುವುದು ದೂರದ ಊರು. ಅದಕ್ಕೆ ಜೂನ್ 24ರಿಂದ ಜುಲೈ 1ರವರೆಗೆ ರಜೆ ಕೇಳಿದ್ದೆ. ಶನಿವಾರ, ಭಾನುವಾರ ಬಿಟ್ಟು ಆರು ದಿನ. ಮ್ಯಾನೇಜರ್ ಮೇಡಂ 'ಅರ್ಧ ವರ್ಷದ ಕ್ಲೋಸಿಂಗ್ ಇದೆ, ಕೊಡಲು ಆಗುವುದಿಲ್ಲ, ಬೇರೆ ದಿನ ನೋಡಿ' ಎಂದು ಒಂದು ಸಾಲು ಬರೆದು ರಿಜೆಕ್ಟ್ ಮಾಡಿದರು. ಅದೇ ವಾರ ನಮ್ಮ ವಿಭಾಗದ ಇನ್ನೊಬ್ಬರಿಗೆ ರಜೆ ಸಿಕ್ಕಿದೆ. ಬೇಜಾರಾಗಿ ಎರಡು ದಿನದಿಂದ ಉತ್ತರವನ್ನೇ ಬರೆದಿಲ್ಲ. ಸುಮ್ನೆ 'ಸರಿ' ಅಂದುಬಿಡಲಾ? ಕಾರಣ ಬಿಡಿಸಿ ಹೇಳಿ ಮತ್ತೆ ಕೇಳಲಾ? ಬೇರೆ ದಿನ ಕೊಟ್ಟರೆ, ಮೊದಲು ಕೇಳಿದ್ದು ಅಷ್ಟೇನೂ ಮುಖ್ಯ ಇರಲಿಲ್ಲ ಅಂದುಕೊಳ್ಳುತ್ತಾರಾ?"

ಉತ್ತರ: ಇವತ್ತೇ ಬರೆಯಿರಿ. ಎರಡು ದಿನ ತಡವಾಗಿದ್ದರಿಂದ ಏನೂ ಕೆಟ್ಟಿಲ್ಲ, ಸಿಟ್ಟಿನಲ್ಲಿ ಬರೆಯದೆ ಇದ್ದದ್ದು ಒಳ್ಳೆಯದೇ ಆಯಿತು. ಆದರೆ ಇನ್ನೊಂದು ವಾರ ಬಿಟ್ಟರೆ ಮೇಡಂ ಮನಸ್ಸಿನಲ್ಲಿ ಈ ವಿಷಯ ಮುಗಿದುಹೋಗಿರುತ್ತದೆ. ನೀವು ಕೇಳಬಹುದಾಗಿದ್ದ ಬೇರೆ ದಿನಗಳನ್ನು ಅಷ್ಟರೊಳಗೆ ಇನ್ಯಾರೋ ಕೇಳಿರುತ್ತಾರೆ.

ನಾನು ಹಲವು ವರ್ಷ ಸಿಬ್ಬಂದಿ ವಿಭಾಗದಲ್ಲಿ ರಜೆಯ ಪಟ್ಟಿ ನೋಡಿಕೊಂಡವಳು. ಮ್ಯಾನೇಜರ್‌ಗಳ ಪಕ್ಕದಲ್ಲಿ ಕೂತು, ಯಾರ ರಜೆ ಹೇಗೆ ತೀರ್ಮಾನವಾಗುತ್ತದೆ ಎಂಬುದನ್ನು ನೋಡಿದ್ದೇನೆ. ನಿಮ್ಮ ಮೂರೂ ಪ್ರಶ್ನೆಗಳು ಮೇಡಂ ನಿಮ್ಮ ಬಗ್ಗೆ ಏನು ಅಂದುಕೊಳ್ಳುತ್ತಾರೆ ಎಂಬುದರ ಸುತ್ತಲೇ ಇವೆ. ಅವರು ರಿಜೆಕ್ಟ್ ಮಾಡುವಾಗ ನೋಡಿದ್ದು ಬಹುಶಃ ನಿಮ್ಮನ್ನಲ್ಲ, ಆ ಆರು ದಿನಗಳನ್ನು. ಆದ್ದರಿಂದ ನಿಮ್ಮ ಉತ್ತರ ಅವರ 'ಆಗುವುದಿಲ್ಲ'ಕ್ಕೆ ಉತ್ತರವಾಗುವುದು ಬೇಡ. ಆ ದಿನಗಳಲ್ಲಿ ಅವರಿಗಿರುವ ತೊಂದರೆಗೆ ಉತ್ತರವಾಗಲಿ.

ಮೊದಲು 'ಸರಿ'ಯ ವಿಷಯ. ಬರೀ 'ಸರಿ' ಅಥವಾ 'ಪರವಾಗಿಲ್ಲ ಮೇಡಂ' ಎಂದು ಬರೆದರೆ ವಿನಯವಾಗಿ ಕಾಣುತ್ತದೆ, ನಿಜ. ಆದರೆ ಓದಿದವರು ಅದರಿಂದ ತಿಳಿಯುವುದು, ನಿಮಗೆ ರಜೆ ಇನ್ನು ಬೇಕಿಲ್ಲ ಎಂದು. 'ಬೇರೆ ದಿನ ನೋಡಿ' ಎಂದಾಗ ಮೇಡಂ ಚೆಂಡನ್ನು ನಿಮ್ಮ ಕಡೆಗೆ ಹಾಕಿದ್ದಾರೆ. ನೀವು ದಿನ ಕೊಡದಿದ್ದರೆ ಅವರಾಗಿ ಕೇಳುವುದಿಲ್ಲ. ರಜೆಯ ಸಾಫ್ಟ್‌ವೇರ್‌ಗಳಲ್ಲೂ ಸಾಮಾನ್ಯವಾಗಿ ಹೀಗೇ: ರಿಜೆಕ್ಟ್ ಆದ ಅರ್ಜಿ ಅಲ್ಲಿಗೆ ಮುಗಿಯುತ್ತದೆ, ದಿನಗಳು ನಿಮ್ಮ ಖಾತೆಗೆ ವಾಪಸ್ ಬರುತ್ತವೆ, ಬಾಕಿ ಇರುವ ವಿಷಯ ಎಂದು ಯಾರಿಗೂ ಕಾಣುವುದಿಲ್ಲ.

ಎರಡನೆಯದು, ಕಾರಣವನ್ನು ಇನ್ನೂ ಬಿಡಿಸಿ ಹೇಳಿದರೆ ಸಿಗುತ್ತದೆ ಎಂಬ ನಂಬಿಕೆ. ಇದು ತುಂಬಾ ಜನರಲ್ಲಿದೆ, ಮತ್ತು ಇದರಿಂದ ಲಾಭಕ್ಕಿಂತ ನಷ್ಟ ಜಾಸ್ತಿ. ಕಾರಣ ಸಾಲದು ಎಂದು ನಿಮ್ಮ ರಜೆ ನಿಂತಿಲ್ಲ. ಕ್ಲೋಸಿಂಗ್‌ಗೆ ಜನ ಬೇಕು ಎಂದು ನಿಂತಿದೆ. ಅಮ್ಮನಿಗೆ ವಯಸ್ಸಾಗಿದೆ, ಎಲ್ಲರೂ ಸೇರಿ ಎಷ್ಟೋ ವರ್ಷವಾಯಿತು ಎಂದು ಬರೆದರೆ ಮೇಡಂಗೆ ಸಂಕಟವಾಗುತ್ತದೆ, ಆದರೆ 26ನೇ ತಾರೀಕು ನಿಮ್ಮ ಕೆಲಸ ಯಾರು ಮಾಡುತ್ತಾರೆ ಎಂಬುದು ಹಾಗೇ ಉಳಿಯುತ್ತದೆ. ಅವರು ಮತ್ತೊಮ್ಮೆ ಆಗುವುದಿಲ್ಲ ಅನ್ನಬೇಕಾಗುತ್ತದೆ. ಎರಡನೇ ಸಲ ಹೇಳಿದ 'ಇಲ್ಲ'ವನ್ನು ಬದಲಾಯಿಸುವುದು ಮೊದಲ ಸಲದ್ದಕ್ಕಿಂತ ಕಷ್ಟ.

ಮೂರನೆಯದು, ಬೇರೆ ದಿನ ಕೊಟ್ಟರೆ ಮೊದಲಿನದು ಮುಖ್ಯವಲ್ಲ ಅಂದುಕೊಳ್ಳುತ್ತಾರಾ ಎಂಬ ಹೆದರಿಕೆ. ಇದರಲ್ಲಿ ಅರ್ಧ ಸತ್ಯ ಇದೆ. ಆರೂ ದಿನಗಳನ್ನು ಹಾಗೇ ಎತ್ತಿ ಜುಲೈಗೆ ಇಟ್ಟರೆ, 27ನೇ ತಾರೀಕಿಗೆ ವಿಶೇಷ ಏನೂ ಇರಲಿಲ್ಲ ಎಂದೇ ಅರ್ಥವಾಗುತ್ತದೆ. ಹಾಗಾಗಿ ಬರೆಯುವ ಮೊದಲು ಒಂದು ಕೆಲಸ ಮಾಡಿ. ನೀವು ಕೇಳಿದ ಆರು ದಿನಗಳಲ್ಲಿ ಜರುಗಿಸಲು ಆಗದ್ದು ಯಾವುದು, ಜರುಗಿಸಬಹುದಾದ್ದು ಯಾವುದು ಎಂದು ಬೇರೆ ಮಾಡಿ.

ನೀವು ಬರೆದದ್ದನ್ನು ನೋಡಿದರೆ ಜರುಗಿಸಲಾಗದ್ದು ಒಂದೇ ದಿನ, 27. ಅದು ಶನಿವಾರ, ನಿಮಗೆ ಹೇಗೂ ರಜೆ. ಅಣ್ಣನ ಊರು ದೂರ ಅಂದಿದ್ದೀರಿ, ಹೋಗಲು ಶುಕ್ರವಾರ 26 ಬೇಕಾಗಬಹುದು. ವಾಪಸ್ ಬರಲು ಭಾನುವಾರ ಇದೆ. ಅಂದರೆ ಆ ವಾರದಲ್ಲಿ ನಿಮಗೆ ನಿಜವಾಗಿ ಬೇಕಾದ ಕಚೇರಿ ದಿನ ಒಂದೇ ಒಂದು. ಉಳಿದ ಐದು ದಿನ ವಿಶ್ರಾಂತಿಗೆ, ಮನೆಯವರ ಜೊತೆ ಇರುವುದಕ್ಕೆ. ಅವು ಮುಖ್ಯವಲ್ಲ ಎಂದು ನಾನು ಹೇಳುತ್ತಿಲ್ಲ, ಅವಕ್ಕೆ ಆ ವಾರವೇ ಆಗಬೇಕೆಂದಿಲ್ಲ ಅಷ್ಟೇ. ಆರು ದಿನಕ್ಕೆ 'ಇಲ್ಲ' ಎಂದವರು ಒಂದು ದಿನಕ್ಕೂ 'ಇಲ್ಲ' ಎನ್ನುತ್ತಾರೆ ಎಂದೇನಿಲ್ಲ. ಆ ಪ್ರಶ್ನೆಯನ್ನು ಅವರಿಗೆ ಯಾರೂ ಇನ್ನೂ ಕೇಳೇ ಇಲ್ಲ.

ಈಗ ಒತ್ತಡ ಎಲ್ಲಿದೆ ಎಂದು ನೋಡೋಣ. ಬೇರೆ ದಿನ ಕೊಡುವವರು ಹೆಚ್ಚಾಗಿ ಎಡವುವುದು ಇಲ್ಲೇ. ಜೂನ್ 30ಕ್ಕೆ ಅರ್ಧ ವರ್ಷ ಮುಗಿಯುತ್ತದೆ, ಹಾಗಾದರೆ ಜುಲೈ 2ರಿಂದ ಕೊಡಿ ಎಂದು ಕೇಳಿಬಿಡುತ್ತಾರೆ. ಅಕೌಂಟ್ಸ್‌ನಲ್ಲಿ ಕೆಲಸ ಮಾಡುವ ನಿಮಗೇ ಗೊತ್ತು, 30ಕ್ಕೆ ಮುಗಿಯುವುದು ಅವಧಿ, ಕೆಲಸವಲ್ಲ. ಕೊನೆಯ ದಿನದವರೆಗಿನ ಬ್ಯಾಂಕ್ ಸ್ಟೇಟ್‌ಮೆಂಟ್ ಕೈಗೆ ಬರುವುದೇ ಆಮೇಲೆ. ತಡವಾಗಿ ಬಂದ ಬಿಲ್‌ಗಳನ್ನು ಹಿಂದಿನ ತಿಂಗಳಿಗೆ ಹಾಕಬೇಕು. ತಾಳೆಯಾಗದ ಮೊತ್ತ ಎಲ್ಲಿ ತಪ್ಪಿತು ಎಂದು ಹುಡುಕಬೇಕು. ಆಮೇಲೆ ವರದಿ. ನಿಮ್ಮಲ್ಲಿ ಪುಸ್ತಕ ಮುಚ್ಚುವುದು ತಿಂಗಳ ಐದನೇ ಕೆಲಸದ ದಿನ ಎಂದಿಟ್ಟುಕೊಳ್ಳೋಣ. ಜುಲೈ 1 ಬುಧವಾರ, ಹಾಗಾಗಿ ಐದನೇ ಕೆಲಸದ ದಿನ ಮಂಗಳವಾರ, 7ನೇ ತಾರೀಕು. ಜುಲೈ 2ರಿಂದ ರಜೆ ಕೇಳಿದರೆ ಒತ್ತಡದಿಂದ ಹೊರಗೆ ಬಂದಂತಾಗುವುದಿಲ್ಲ, ಅದರ ನಡುವೆ ಹೋಗಿ ನಿಂತಂತಾಗುತ್ತದೆ. ಮೇಡಂಗೆ ಆಗ ಅನ್ನಿಸುವುದು, ನಾನು ಯಾಕೆ ಬೇಡ ಅಂದೆ ಎಂಬುದೇ ಇವರಿಗೆ ಅರ್ಥವಾಗಿಲ್ಲ ಎಂದು.

7ಕ್ಕೆ ಮುಗಿದರೂ 8ರಿಂದಲೇ ಕೇಳಬೇಡಿ. ಯಾವ ಕ್ಲೋಸಿಂಗ್‌ನಲ್ಲೂ ಒಂದು ದಿನದ ಬಾಲ ಇದ್ದೇ ಇರುತ್ತದೆ. 9, ಗುರುವಾರದಿಂದ ಕೇಳಿ. 9, 10, ಮತ್ತೆ 13, 14, 15. ಅಲ್ಲಿಗೆ ನಿಮ್ಮ ಐದು ದಿನ ಆಯಿತು, ನಡುವೆ ಶನಿವಾರ, ಭಾನುವಾರವೂ ಸಿಕ್ಕಿತು. ಎರಡನೇ ಆಯ್ಕೆ ಜುಲೈ 20ರಿಂದ 24, ಸೋಮವಾರದಿಂದ ಶುಕ್ರವಾರ. ನಿಮ್ಮ ಕಚೇರಿಯಲ್ಲಿ ಕ್ಲೋಸಿಂಗ್ ಮುಗಿಯುವುದು ಬೇರೆ ದಿನವಾದರೆ, ಅದಕ್ಕೆ ತಕ್ಕ ಹಾಗೆ ಈ ದಿನಗಳನ್ನು ಜರುಗಿಸಿಕೊಳ್ಳಿ.

ಎರಡು ಆಯ್ಕೆ ಸಾಕು. 'ಜುಲೈನಲ್ಲಿ ಯಾವಾಗಾದರೂ ಸರಿ' ಎಂದು ಬರೆಯಬೇಡಿ. ಬರೆಯುವವರಿಗೆ ಅದು ಉದಾರವಾಗಿ ಕಾಣುತ್ತದೆ, ಓದುವವರಿಗೆ ಅದು ಕೆಲಸ. ಮೇಡಂ ಇಡೀ ತಿಂಗಳ ಪಟ್ಟಿ ತೆಗೆದು, ಯಾರ್‍ಯಾರು ಯಾವಾಗ ಇಲ್ಲ ಎಂದು ನೋಡಿ, ನಿಮಗೊಂದು ಜಾಗ ಹುಡುಕಬೇಕು. ಪುರುಸೊತ್ತಿಲ್ಲದವರು ಅದನ್ನು ನಾಳೆಗೆ ಹಾಕುತ್ತಾರೆ, ಆ ನಾಳೆ ಬರುವುದಿಲ್ಲ. ಒಂದು ಮೊದಲ ಆಯ್ಕೆ, ಒಂದು ಎರಡನೆಯದು ಇದ್ದರೆ ಅವರು ಒಂದೇ ಸಾಲಿನಲ್ಲಿ ಉತ್ತರ ಕೊಡಬಹುದು. ಇನ್ನೊಂದು ಮಾತು: ನೀವು ಕೊಟ್ಟ ದಿನಕ್ಕೆ ಅವರು ಹೂಂ ಅಂದರೆ ನೀವು ತಗೊಳ್ಳಲೇಬೇಕು. ಹಾಗಾಗಿ ನಿಮಗೆ ನಿಜವಾಗಿ ಆಗುವ ದಿನಗಳನ್ನೇ ಕೊಡಿ. ಒಪ್ಪಿಗೆ ಸಿಕ್ಕ ಮೇಲೆ ಮತ್ತೆ ಬದಲಾಯಿಸಿದರೆ ಮುಂದಿನ ಸಲ ನಿಮ್ಮ ಮಾತಿಗೆ ತೂಕ ಕಡಿಮೆಯಾಗುತ್ತದೆ.

ಇನ್ನು ಆ ಸಹೋದ್ಯೋಗಿಯ ವಿಷಯ. ನಿಮಗೆ ನೋವಾಗಿದ್ದು ಇದರಿಂದಲೇ ಜಾಸ್ತಿ ಅನ್ನಿಸುತ್ತದೆ. ಹೊರಗಿನಿಂದ ನೋಡಿದರೆ ಎಲ್ಲರೂ ಒಂದೇ ವಿಭಾಗ, ಒಬ್ಬರಿಗೆ ಸಿಕ್ಕಿತು, ಇನ್ನೊಬ್ಬರಿಗೆ ಇಲ್ಲ. ಒಳಗಿನ ಲೆಕ್ಕ ಬೇರೆ. ಮ್ಯಾನೇಜರ್‌ಗಳು ಎಣಿಸುವುದು ತಲೆಗಳನ್ನಲ್ಲ, ಯಾವ ಕೆಲಸ ಯಾರಿಗೆ ಬರುತ್ತದೆ, ಯಾರಿಗೆ ಅಧಿಕಾರ ಇದೆ ಎಂಬುದನ್ನು. ಪೇಮೆಂಟ್ ವಿಷಯವನ್ನೇ ತಗೊಳ್ಳಿ. ಬಹಳ ಕಂಪನಿಗಳಲ್ಲಿ ಒಬ್ಬರು ಎಂಟ್ರಿ ಹಾಕುತ್ತಾರೆ, ಇನ್ನೊಬ್ಬರು ಅದನ್ನು ನೋಡಿ ಪಾಸ್ ಮಾಡುತ್ತಾರೆ. ಇಬ್ಬರೂ ಒಬ್ಬರೇ ಆಗುವಂತಿಲ್ಲ. ಎಂಟ್ರಿ ಹಾಕಬಲ್ಲವರು ಮೂವರಿದ್ದು ಪಾಸ್ ಮಾಡುವವರು ಇಬ್ಬರೇ ಇದ್ದರೆ, ಆ ಇಬ್ಬರಲ್ಲಿ ಒಬ್ಬರಿಗೆ ರಜೆ ಕೊಟ್ಟ ಮೇಲೆ ಇನ್ನೊಬ್ಬರಿಗೆ ಕೊಡಲು ಆಗುವುದಿಲ್ಲ. ನಿಮ್ಮ ಸಹೋದ್ಯೋಗಿ ಮೊದಲೇ ಕೇಳಿದ್ದಿರಬಹುದು. ಅವರ ಕೆಲಸ ಕ್ಲೋಸಿಂಗ್‌ಗೆ ಅಷ್ಟಾಗಿ ಬೇಕಾಗದೆಯೂ ಇರಬಹುದು. ನಿಜವಾಗಿಯೂ ಪಕ್ಷಪಾತ ಇರುವ ಕಚೇರಿಗಳೂ ಇವೆ, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಅದು ತಿಳಿಯುವುದು ಒಂದು ಸಲದಲ್ಲಿ ಅಲ್ಲ. ಒಂದೇ ಕೆಲಸ, ಒಂದೇ ಅಧಿಕಾರ ಇರುವ ಇಬ್ಬರಲ್ಲಿ, ಮೊದಲು ಕೇಳಿದವರಿಗೇ ಮತ್ತೆ ಮತ್ತೆ ತಪ್ಪುತ್ತಿದ್ದರೆ ಆಗ ಕೇಳಬೇಕು. ಆಗಲೂ ಅವರ ಹೆಸರು ಹಿಡಿದಲ್ಲ, 'ಒತ್ತಡದ ದಿನಗಳಲ್ಲಿ ರಜೆ ಯಾವ ಆಧಾರದ ಮೇಲೆ ಕೊಡುತ್ತೇವೆ ಎಂದು ತಿಳಿಸುತ್ತೀರಾ?' ಎಂದು. ಈಗಿನ ಉತ್ತರದಲ್ಲಿ ಅವರ ಹೆಸರೇ ಬರಬಾರದು. ಬಂದರೆ ಮೇಡಂ ನಿಮ್ಮ ದಿನಗಳನ್ನು ಬಿಟ್ಟು ತಮ್ಮ ತೀರ್ಮಾನವನ್ನು ಸಮರ್ಥಿಸಿಕೊಳ್ಳಲು ಕೂರುತ್ತಾರೆ.

ಆದರೆ ಈ ಲೆಕ್ಕದಿಂದ ನಿಮಗೊಂದು ದಾರಿಯೂ ಸಿಗುತ್ತದೆ. 26ನೇ ತಾರೀಕು ನಿಮ್ಮ ಕೆಲಸಗಳಲ್ಲಿ ಇನ್ನೊಬ್ಬರು ಮಾಡಲೇಬೇಕಾದ್ದು ಯಾವುದು ಎಂದು ಬರೆದುಕೊಳ್ಳಿ. ಅದನ್ನು ಮಾಡಲು ಬೇಕಾದ ಲಾಗಿನ್, ಅನುಮತಿ ಯಾರಿಗಿದೆ ಎಂದು ನೋಡಿ. ಅವರನ್ನು ಮೊದಲು ಕೇಳಿ, ಅವರು ಒಪ್ಪಿದ ಮೇಲೆಯೇ ಮೇಲ್‌ನಲ್ಲಿ ಹೆಸರು ಹಾಕಿ. ಕೇಳದೆ ಹೆಸರು ಹಾಕಿದರೆ ಇಬ್ಬರ ಜೊತೆಗೂ ಕೆಡುತ್ತದೆ. ಅನುಮತಿಯೇ ಇಲ್ಲದವರ ಹೆಸರು ಹಾಕಿದರೆ, ಅವರು ಎಷ್ಟೇ ಒಳ್ಳೆಯ ಮನಸ್ಸಿನಿಂದ ಒಪ್ಪಿದ್ದರೂ ಮೇಡಂಗೆ ಉಪಯೋಗವಿಲ್ಲ.

ಇದನ್ನೆಲ್ಲ ಸೇರಿಸಿದರೆ ನಿಮ್ಮ ಉತ್ತರ ಹೆಚ್ಚೂಕಡಿಮೆ ಹೀಗಿರಬಹುದು:

> ಮೇಡಂ, ನಮಸ್ಕಾರ.
>
> ಜೂನ್ 24ರಿಂದ ಜುಲೈ 1ರವರೆಗಿನ ರಜೆ ಕೊಡಲು ಆಗುವುದಿಲ್ಲ ಎಂದು ತಿಳಿಸಿದ್ದೀರಿ. ಕ್ಲೋಸಿಂಗ್ ವಾರದಲ್ಲಿ ಆರು ದಿನ ಕಷ್ಟ ಎಂಬುದು ಗೊತ್ತಾಯಿತು.
>
> 27ನೇ ತಾರೀಕು ಅಣ್ಣನ ಮನೆಯಲ್ಲಿ ಎಲ್ಲರೂ ಸೇರುತ್ತಿದ್ದೇವೆ, ಆ ದಿನ ಬದಲಾಗುವುದಿಲ್ಲ. ಅದಕ್ಕಾಗಿ ಜೂನ್ 26, ಶುಕ್ರವಾರ ಒಂದು ದಿನ ಮಾತ್ರ ರಜೆ ಸಿಗಬಹುದೇ? ಸೋಮವಾರ 29ಕ್ಕೆ ಬೆಳಿಗ್ಗೆ ಕಚೇರಿಯಲ್ಲಿರುತ್ತೇನೆ. 24ರವರೆಗಿನ ಬ್ಯಾಂಕ್ ರಿಕನ್ಸಿಲಿಯೇಷನ್ ಅನ್ನು 25ರ ಸಂಜೆಯೊಳಗೆ ಮುಗಿಸಿ ನಿಮಗೆ ಕಳಿಸುತ್ತೇನೆ. 26ರ ಪೇಮೆಂಟ್ ಎಂಟ್ರಿಗಳನ್ನು ಹಾಕಲು (ಸಹೋದ್ಯೋಗಿಯ ಹೆಸರು) ಒಪ್ಪಿದ್ದಾರೆ. ಅವರಿಗೆ ಅದರ ಅನುಮತಿ ಈಗಾಗಲೇ ಇದೆ.
>
> ಉಳಿದ ಐದು ದಿನಗಳನ್ನು ಕ್ಲೋಸಿಂಗ್ ಆದ ಮೇಲೆ, ಜುಲೈ 9ರಿಂದ 15ರವರೆಗೆ ತೆಗೆದುಕೊಳ್ಳಬಹುದೇ? ಅದು ಹೊಂದದಿದ್ದರೆ ಜುಲೈ 20ರಿಂದ 24 ಆಗುತ್ತದೆ.
>
> ಟಿಕೆಟ್ ಮಾಡಿಸಬೇಕಿರುವುದರಿಂದ 26ರ ಬಗ್ಗೆ ಜೂನ್ 5ರೊಳಗೆ ತಿಳಿಸಿದರೆ ಅನುಕೂಲ. ಜುಲೈ ದಿನಗಳಿಗೆ ಅವಸರವಿಲ್ಲ.

ಇದರಲ್ಲಿ ಕ್ಷಮೆ ಇಲ್ಲ, ದೂರೂ ಇಲ್ಲ. ರಜೆ ಕೇಳಿದ್ದಕ್ಕೆ ಕ್ಷಮೆ ಕೇಳುವಂಥದ್ದೇನೂ ನೀವು ಮಾಡಿಲ್ಲ. ಬೇಜಾರಾಗಿದ್ದನ್ನು ಹೇಳಲೇಬೇಕು ಅನ್ನಿಸಿದರೆ 'ಮನೆಯವರ ಜೊತೆ ಪೂರ್ತಿ ವಾರ ಇರಬೇಕೆಂದಿದ್ದೆ' ಎಂದು ಒಂದು ಸಾಲು ಸೇರಿಸಿ. ಅದು ನಿಜ, ಅದರಲ್ಲಿ ತಪ್ಪೇನೂ ಇಲ್ಲ. 'ದಯವಿಟ್ಟು ಮತ್ತೊಮ್ಮೆ ಪರಿಶೀಲಿಸಿ' ಎಂದು ಮಾತ್ರ ಬರೆಯಬೇಡಿ. ಅದು ಹಳೆಯ ಆರು ದಿನದ ಅರ್ಜಿಯನ್ನೇ ಮತ್ತೆ ಮೇಜಿನ ಮೇಲೆ ಇಟ್ಟಂತೆ.

ಕೊನೆಯ ಸಾಲಿನ ಗಡುವಿನ ಬಗ್ಗೆ ಜನ ಹಿಂಜರಿಯುತ್ತಾರೆ, ಮೇಲಧಿಕಾರಿಗೆ ತಾರೀಕು ಕೊಡುವುದು ಸರಿಯಾ ಎಂದು. ಕಾರಣ ಹೇಳಿ ಕೊಟ್ಟರೆ ಖಂಡಿತ ಸರಿ. ಗಡುವು ಇಲ್ಲದ ಕೋರಿಕೆ ಮೇಲ್‌ಬಾಕ್ಸ್‌ನಲ್ಲಿ ಕೆಳಗಿಳಿಯುತ್ತಾ ಹೋಗುತ್ತದೆ. ಯಾವುದಕ್ಕೆ ಅವಸರ, ಯಾವುದಕ್ಕೆ ಇಲ್ಲ ಎಂದು ಬೇರೆ ಮಾಡಿ ಹೇಳಿದ್ದರಿಂದ ಅವರು ಸಣ್ಣದನ್ನು ಮೊದಲು ತೀರ್ಮಾನಿಸಬಹುದು. ಇದನ್ನು ಅವರು ರಿಜೆಕ್ಟ್ ಮಾಡಿ ಬರೆದ ಮೇಲ್‌ಗೇ ಉತ್ತರವಾಗಿ ಕಳಿಸಿ, ಹೊಸದಾಗಿ ಶುರು ಮಾಡಬೇಡಿ. ಹಿಂದಿನದು, ಮುಂದಿನದು ಒಂದೇ ಕಡೆ ಇರುತ್ತದೆ. ಬೇರೆ ಯಾರಿಗೂ ಪ್ರತಿ ಹಾಕಬೇಡಿ, ಸಿಬ್ಬಂದಿ ವಿಭಾಗಕ್ಕಂತೂ ಬೇಡವೇ ಬೇಡ. ಈ ಹಂತದಲ್ಲಿ ನಮಗೆ ಪ್ರತಿ ಬಂದರೆ ಅದು ಮೇಡಂ ಮೇಲೆ ದೂರಿನ ಹಾಗೆ ಓದಿಸಿಕೊಳ್ಳುತ್ತದೆ.

ಇದರಲ್ಲಿ ಅಪಾಯವೇ ಇಲ್ಲ ಎಂದಲ್ಲ. 26 ಕೂಡ ಕ್ಲೋಸಿಂಗ್ ವಾರವೇ, ಅದಕ್ಕೂ ಅವರು ಇಲ್ಲ ಅನ್ನಬಹುದು. ಆಗ ಶುಕ್ರವಾರ ಅರ್ಧ ದಿನ ಕೆಲಸ ಮಾಡಿ ಮಧ್ಯಾಹ್ನ ಹೊರಡಲು ಆಗುತ್ತದಾ ಎಂದು ಕೇಳಬಹುದು. ಅದೂ ಆಗದಿದ್ದರೆ ಶುಕ್ರವಾರ ರಾತ್ರಿ ಹೊರಟು ಶನಿವಾರ ಎಷ್ಟು ಹೊತ್ತಿಗೆ ತಲುಪುತ್ತೀರಿ ಎಂದು ಈಗಲೇ ನೋಡಿಟ್ಟುಕೊಳ್ಳಿ. ಕೇಳುವ ಮೊದಲೇ ಕೊನೆಯ ದಾರಿ ಗೊತ್ತಿದ್ದರೆ ಮಾತಿನಲ್ಲಿ ಗಾಬರಿ ಇರುವುದಿಲ್ಲ.

ಇನ್ನೊಂದು ಅಪಾಯವನ್ನು ಜನ ತಾವಾಗಿಯೇ ತಂದುಕೊಳ್ಳುತ್ತಾರೆ: 'ರಜೆಯಲ್ಲಿದ್ದರೂ ಫೋನ್‌ನಲ್ಲಿ ಸಿಗುತ್ತೇನೆ' ಎಂಬ ಭರವಸೆ. ರಜೆ ಸಿಗಲಿ ಎಂದು ಹೇಳಿದ ಈ ಮಾತಿನಿಂದ ಇಡೀ ದಿನ ಕರೆಗಳಲ್ಲೇ ಕಳೆದುಹೋಗುತ್ತದೆ, ಲೆಕ್ಕದಲ್ಲಿ ಮಾತ್ರ ಒಂದು ದಿನ ರಜೆ ಖರ್ಚು. ನಾನಾಗಿದ್ದರೆ ಈ ಮಾತನ್ನೇ ಎತ್ತುವುದಿಲ್ಲ. ಮೇಡಂ ಕೇಳಿದರೆ, 'ಸಂಜೆ 5ರಿಂದ 6ರವರೆಗೆ ಸಿಗುತ್ತೇನೆ' ಎಂದು ಒಂದು ಗಂಟೆಗೆ ಕಟ್ಟಿಬಿಡಿ. ಮತ್ತೆ, ಬಾಯಿಮಾತಿನಲ್ಲಿ 'ನೋಡೋಣ, ಆಗಬಹುದು' ಅಂದರೆ ಟಿಕೆಟ್ ಮಾಡಿಸಬೇಡಿ. ಸಾಫ್ಟ್‌ವೇರ್‌ನಲ್ಲೋ ಮೇಲ್‌ನಲ್ಲೋ ಒಪ್ಪಿಗೆ ಬರುವವರೆಗೆ ಅದು ಒಪ್ಪಿಗೆಯಲ್ಲ. ಏನೂ ಆಗದಿದ್ದರೆ ಆ ದಿನ ಹುಷಾರಿಲ್ಲ ಅಂದುಬಿಡೋಣ ಎಂಬ ಯೋಚನೆ ಬಂದರೆ ಅದನ್ನು ಅಲ್ಲೇ ಬಿಡಿ. ರಿಜೆಕ್ಟ್ ಆದ ದಿನಕ್ಕೇ ಬಂದ ಕಾಯಿಲೆ ರಜೆಯನ್ನು ಯಾರಾದರೂ ಮೊದಲು ಗಮನಿಸುತ್ತಾರೆ, ಮತ್ತು ಹಲವು ಕಡೆ ಅದು ಶಿಸ್ತು ಕ್ರಮಕ್ಕೇ ಹೋಗುತ್ತದೆ.

ಜುಲೈನ ಎರಡೂ ಆಯ್ಕೆಗಳಿಗೆ ಇಲ್ಲ ಎಂದರೆ ಮೂರನೆಯದನ್ನು ನೀವು ಹುಡುಕಬೇಡಿ. 'ಹಾಗಾದರೆ ಮುಂದಿನ ಮೂರು ತಿಂಗಳಲ್ಲಿ ಐದು ದಿನ ಯಾವಾಗ ಸಾಧ್ಯ ಎಂದು ನೀವೇ ಹೇಳುತ್ತೀರಾ?' ಎಂದು ಕೇಳಿ. ವರ್ಷ ಮುಗಿಯುವಾಗ ನಿಮ್ಮ ರಜೆ ದಿನಗಳು ಕಳೆದುಹೋಗುವ ನಿಯಮ ಇದ್ದರೆ, ಎಷ್ಟು ದಿನ ಉಳಿದಿದೆ, ಯಾವಾಗ ಕಳೆಯುತ್ತದೆ ಎಂದು ಅಲ್ಲೇ ಬರೆಯಿರಿ. ಅದು ಒತ್ತಾಯವಲ್ಲ, ಅವರು ತೀರ್ಮಾನಿಸಲು ಬೇಕಾದ ಮಾಹಿತಿ. ಅದಕ್ಕೂ ದಿನ ಸಿಗದಿದ್ದರೆ ಆಗ ಸಿಬ್ಬಂದಿ ವಿಭಾಗಕ್ಕೆ ಬನ್ನಿ. ನಿಮ್ಮ ಹತ್ತಿರ ದಿನಗಳನ್ನು ಕೊಟ್ಟ ಮೇಲ್‌ಗಳು ಇರುತ್ತವೆ, ನಮಗೂ ಮಾತಾಡಲು ಏನಾದರೂ ಇರುತ್ತದೆ.

ರಜೆಯ ದಿನ ಯಾರು ತೀರ್ಮಾನಿಸಬೇಕು ಎಂಬ ಕಾನೂನು ದೇಶದಿಂದ ದೇಶಕ್ಕೆ ಬೇರೆ. ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ 1970ರ ಒಪ್ಪಂದ, ಸಂಖ್ಯೆ 132, ಇದಕ್ಕೊಂದು ದಾರಿ ಹೇಳುತ್ತದೆ. ನಿಯಮದಿಂದಲೋ ಒಪ್ಪಂದದಿಂದಲೋ ದಿನ ನಿಗದಿಯಾಗಿರದಿದ್ದರೆ ಅದನ್ನು ತೀರ್ಮಾನಿಸುವುದು ಕೆಲಸ ಕೊಟ್ಟ ಕಂಪನಿ, ಆದರೆ ನೌಕರರ ಜೊತೆ ಮಾತಾಡಿದ ಮೇಲೆ. ಕೆಲಸದ ಅಗತ್ಯ ಮತ್ತು ನೌಕರರಿಗೆ ಸಿಗುವ ವಿಶ್ರಾಂತಿಯ ಅವಕಾಶ, ಎರಡನ್ನೂ ನೋಡಬೇಕು. ಇದನ್ನು ಒಪ್ಪಿರುವುದು ಕೆಲವು ದೇಶಗಳು ಮಾತ್ರ, ಹಾಗಾಗಿ ನಿಮ್ಮಲ್ಲಿನ ನಿಯಮ ಏನಿದೆ ಎಂದು ನಿಮ್ಮ ಕಂಪನಿಯ ರಜೆ ನೀತಿಯಲ್ಲಿ ಒಮ್ಮೆ ಓದಿಕೊಳ್ಳಿ. ಕ್ಲೋಸಿಂಗ್ ದಿನಗಳಲ್ಲಿ ಯಾರಿಗೂ ರಜೆ ಇಲ್ಲ ಎಂದು ಅದರಲ್ಲೇ ಬರೆದಿದ್ದರೆ, 26ನ್ನು ಕೇಳುವಾಗ 'ನಿಯಮ ಗೊತ್ತಿದೆ, ಒಂದು ದಿನದ ವಿನಾಯಿತಿ ಕೇಳುತ್ತಿದ್ದೇನೆ' ಎಂದು ನೇರವಾಗಿ ಹೇಳುವುದು ವಾಸಿ.

ಮೇಡಂ ಒಪ್ಪಿದರೆ ಸಾಫ್ಟ್‌ವೇರ್‌ನಲ್ಲಿ ಎರಡು ಬೇರೆ ಬೇರೆ ಅರ್ಜಿ ಹಾಕಿ. ಜೂನ್ 26ಕ್ಕೆ ಒಂದು, ಜುಲೈ ದಿನಗಳಿಗೆ ಇನ್ನೊಂದು. ಅವರು ಒಪ್ಪುವ ಮೊದಲೇ ಜುಲೈನ ಎರಡೂ ಆಯ್ಕೆಗಳಿಗೆ ಅರ್ಜಿ ಹಾಕಿಡಬೇಡಿ. ಹತ್ತು ದಿನ ರಜೆ ಕೇಳಿದಂತೆ ಕಾಣುತ್ತದೆ, ನಿಮ್ಮ ಖಾತೆಯಲ್ಲಿ ಅಷ್ಟೂ ದಿನ ತಡೆದುಕೊಂಡಂತೆಯೂ ಆಗಬಹುದು. 25ರ ಸಂಜೆ ಹೊರಡುವ ಮೊದಲು, ನಿಮ್ಮ ಬದಲು ಎಂಟ್ರಿ ಹಾಕುವವರಿಗೆ ಬಾಕಿ ಇರುವ ಬಿಲ್‌ಗಳ ಪಟ್ಟಿಯನ್ನು ಮೇಲ್ ಮಾಡಿ, ಅದರ ಪ್ರತಿಯನ್ನು ಮೇಡಂಗೂ ಹಾಕಿ.